ಒಬ್ಬರ ಹೆಸರಿನ ಲಿಂಕ್, ಹತ್ತು ಜನರ ಕೈಗೆ

ಜೂಮ್ ವೆಬಿನಾರ್‌ಗೆ ಹೆಸರು ನೋಂದಾಯಿಸಿದವರ ಇಮೇಲ್‌ಗೆ ಸ್ವಲ್ಪ ಹೊತ್ತಿನಲ್ಲೇ ಒಂದು ದೃಢೀಕರಣ ಪತ್ರ ಬರುತ್ತದೆ. ದಿನಾಂಕ, ಸಮಯ, ವಿಷಯ, ಕೆಳಗೊಂದು ಲಿಂಕ್. ಈ ಲಿಂಕ್ ನಿಮಗೊಬ್ಬರಿಗೇ ಸೇರಿದ್ದು, ಬೇರೆಯವರಿಗೆ ಕಳಿಸಬೇಡಿ ಎಂಬರ್ಥದ ಸೂಚನೆಯೂ ಅದೇ ಪತ್ರದಲ್ಲಿ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಅದನ್ನು ಓದುವವರು ಕಡಿಮೆ. "ನಮಗೂ ಲಿಂಕ್ ಕಳಿಸಿ ಮೇಡಂ" ಎಂದು ಯಾರಾದರೂ ಕೇಳಿದರೆ ಅದೇ ಪತ್ರವನ್ನು ತೆರೆದು, ಲಿಂಕನ್ನು ಕಾಪಿ ಮಾಡಿ, ವಾಟ್ಸ್ಆ್ಯಪ್ ಗುಂಪಿಗೆ ಹಾಕಿಬಿಡುವುದೇ ರೂಢಿ.

ಕಳಿಸುವವರ ಮನಸ್ಸಿನಲ್ಲಿ ಇರುವುದು ಉಪಕಾರ ಮಾತ್ರ. ಆದರೂ ಕಾರ್ಯಕ್ರಮದ ದಿನ ಹಲವರಿಗೆ ಒಳಗೆ ಹೋಗಲಾಗುವುದಿಲ್ಲ, ಹಾಜರಾತಿ ಕಲಸಿಹೋಗುತ್ತದೆ, ಪ್ರಮಾಣಪತ್ರ ಯಾರದೋ ಹೆಸರಿಗೆ ಬರುತ್ತದೆ. ಹೀಗಾಗುವುದಕ್ಕೆ ಕಾರಣ ಆ ಲಿಂಕಿನೊಳಗೇ ಇದೆ.

ಲಿಂಕುಗಳಲ್ಲಿ ಎರಡು ಬಗೆ. ಒಂದು, ಎಲ್ಲರಿಗೂ ಒಂದೇ ಲಿಂಕ್. ಗೂಗಲ್ ಮೀಟ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಅಲ್ಲಿ ಲಿಂಕ್ ಎನ್ನುವುದು ಸಭೆ ನಡೆಯುವ ಜಾಗದ ವಿಳಾಸವಷ್ಟೆ, ಬಂದವರು ಯಾರು ಎಂಬುದು ಅವರವರ ಗೂಗಲ್ ಖಾತೆಯಿಂದಲೋ ಅವರು ಬರೆದ ಹೆಸರಿನಿಂದಲೋ ತಿಳಿಯುತ್ತದೆ. ಎರಡನೆಯದು, ನೋಂದಾಯಿಸಿದ ಪ್ರತಿಯೊಬ್ಬರಿಗೂ ಬೇರೆ ಬೇರೆ ಲಿಂಕ್. ನೋಂದಣಿ ಕಡ್ಡಾಯ ಮಾಡಿದ ಜೂಮ್ ವೆಬಿನಾರ್‌ನಲ್ಲಿ, ಗೋಟುವೆಬಿನಾರ್‌ನಲ್ಲಿ ಈ ಪದ್ಧತಿಯಿದೆ. ಜೂಮ್‌ನ ಎರಡು ಲಿಂಕುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ:

```
https://us02web.zoom.us/webinar/register/WN_k3Tz9...
https://us02web.zoom.us/w/81234567890?tk=p7Qm2x...
```

ಮೊದಲಿನದು ನೋಂದಣಿ ಪುಟದ ಲಿಂಕ್. ಅದನ್ನು ಯಾರು ಒತ್ತಿದರೂ ಹೆಸರು, ಇಮೇಲ್ ಕೇಳುವ ಅರ್ಜಿ ತೆರೆದುಕೊಳ್ಳುತ್ತದೆ. ಎರಡನೆಯದು ಒಬ್ಬರ ಖಾಸಗಿ ಲಿಂಕ್. ಅದರಲ್ಲಿ 81234567890 ಎಂಬುದು ವೆಬಿನಾರ್‌ನ ಸಂಖ್ಯೆ, ಅದು ಎಲ್ಲರಿಗೂ ಒಂದೇ. `tk=` ಆದಮೇಲೆ ಬರುವ ಅರ್ಥವಿಲ್ಲದಂತೆ ಕಾಣುವ ಅಕ್ಷರಮಾಲೆಯೇ ಟೋಕನ್, ಅದು ಒಬ್ಬೊಬ್ಬರಿಗೆ ಒಂದೊಂದು. ಲಿಂಕ್ ಒತ್ತಿದಾಗ ಜೂಮ್‌ನ ಸರ್ವರ್ ಆ ಟೋಕನ್ನನ್ನು ತನ್ನ ನೋಂದಣಿ ಪಟ್ಟಿಯಲ್ಲಿ ಹುಡುಕಿ, ಯಾರ ಹೆಸರಿನ ಮುಂದೆ ಅದು ಇದೆಯೋ ಅವರೇ ಬಂದರೆಂದು ತೀರ್ಮಾನಿಸುತ್ತದೆ. ಲಿಂಕ್ ಒತ್ತಿದ ಬೆರಳು ಯಾರದು ಎಂದು ತಿಳಿಯುವ ದಾರಿ ಅದಕ್ಕಿಲ್ಲ. ಲಾಗಿನ್ ಕೂಡ ಕಡ್ಡಾಯ ಮಾಡದಿದ್ದರೆ, ಆ ಅಕ್ಷರಮಾಲೆ ಯಾರ ಕೈಯಲ್ಲಿದೆಯೋ ಅವರೇ ಆ ವ್ಯಕ್ತಿ.

ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಸೀಟು ಕಾದಿರಿಸಿ, ಟಿಕೆಟಿನ ಜೆರಾಕ್ಸನ್ನು ಹತ್ತು ಜನರಿಗೆ ಹಂಚಿದರೆ ಏನಾದೀತೋ ಅದೇ ಇಲ್ಲಿಯೂ ಆಗುತ್ತದೆ. ಸೀಟು ಒಂದೇ, ಕೂರುವವರು ಹತ್ತು ಜನ.

ಮಾತಿಗೆ ಒಂದು ಸಂದರ್ಭವನ್ನು ಇಟ್ಟುಕೊಳ್ಳೋಣ. ಪ್ರೌಢಶಾಲಾ ವಿಜ್ಞಾನ ಶಿಕ್ಷಕರಿಗೆ ಒಂದು ತರಬೇತಿ ವೆಬಿನಾರ್, ಬೆಳಿಗ್ಗೆ 11ರಿಂದ 12:15ರವರೆಗೆ. ಕನಿಷ್ಠ 60 ನಿಮಿಷ ಹಾಜರಿದ್ದವರಿಗೆ ಪ್ರಮಾಣಪತ್ರ. ಸವಿತಾ ಮೇಡಂ ಮೂರು ದಿನ ಮುಂಚೆಯೇ ನೋಂದಾಯಿಸಿಕೊಂಡಿದ್ದಾರೆ. ಹಿಂದಿನ ರಾತ್ರಿ ಸಹೋದ್ಯೋಗಿಗಳಾದ ಮಂಜುನಾಥ ಸರ್, ರೇಷ್ಮಾ ಮೇಡಂ ಕೇಳಿದ್ದಕ್ಕೆ ತಮ್ಮ ಲಿಂಕನ್ನೇ ಶಾಲೆಯ ಗುಂಪಿಗೆ ಹಾಕುತ್ತಾರೆ.

ಮುಂದೇನಾಗುತ್ತದೆ ಎಂಬುದು ಆಯೋಜಕರು ಆಯ್ಕೆ ಮಾಡಿರುವ ಒಂದೇ ಒಂದು ಸೆಟ್ಟಿಂಗ್ ಮೇಲೆ ನಿಂತಿದೆ. ಒಬ್ಬ ನೋಂದಾಯಿತರು ಒಂದಕ್ಕಿಂತ ಹೆಚ್ಚು ಸಾಧನಗಳಿಂದ ಸೇರಬಹುದೇ ಎಂಬ ಆಯ್ಕೆ ಜೂಮ್‌ನ ನೋಂದಣಿ ಸೆಟ್ಟಿಂಗ್‌ಗಳಲ್ಲಿದೆ. ಅದಕ್ಕೆ ಟಿಕ್ ಹಾಕಿಲ್ಲ ಎಂದುಕೊಳ್ಳಿ. ಮಂಜುನಾಥ ಸರ್ ಶಿಸ್ತಿನ ಮನುಷ್ಯ, 10:50ಕ್ಕೇ ಲಿಂಕ್ ಒತ್ತಿ ಒಳಗೆ ಕೂತುಬಿಟ್ಟಿದ್ದಾರೆ. 10:58ಕ್ಕೆ ಸವಿತಾ ಮೇಡಂ ತಮ್ಮದೇ ಲಿಂಕ್ ಒತ್ತಿದರೆ ಬಾಗಿಲು ತೆರೆಯುವುದಿಲ್ಲ, ಏಕೆಂದರೆ ಯಂತ್ರದ ಲೆಕ್ಕದಲ್ಲಿ ಅವರು ಆಗಲೇ ಒಳಗಿದ್ದಾರೆ. ಇನ್ನು ಕೆಲವು ವೇದಿಕೆಗಳಲ್ಲಿ ಇದರ ತಿರುವುಮುರುವು: ಎರಡನೆಯವರು ಬಂದ ಕೂಡಲೇ ಮೊದಲಿದ್ದವರು ಹೊರಬೀಳುತ್ತಾರೆ. ಅವರು ನೆಟ್‌ವರ್ಕ್ ಕೈಕೊಟ್ಟಿತೆಂದುಕೊಂಡು ಮತ್ತೆ ಒತ್ತುತ್ತಾರೆ, ಆಗ ಇವರು ಹೊರಗೆ. ಇಬ್ಬರೂ ತಮ್ಮ ತಮ್ಮ ಮೊಬೈಲ್ ಕಂಪನಿಯನ್ನು ಬೈದುಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ನಾಲ್ಕಾರು ಸಲ ಕಾರಣವಿಲ್ಲದೆ ಹೊರಬಿದ್ದರೆ, ಅದೇ ಹೊತ್ತಿನಲ್ಲಿ ಫೋನಿನಲ್ಲಿ ಬೇರೆಲ್ಲವೂ ಸರಿಯಾಗಿ ನಡೆಯುತ್ತಿದ್ದರೆ, ಲಿಂಕ್ ಮತ್ತೊಬ್ಬರ ಕೈಯಲ್ಲೂ ಇದೆಯೇ ಎಂದು ಸಂಶಯಪಡಬೇಕು.

ಆ ಆಯ್ಕೆಗೆ ಟಿಕ್ ಹಾಕಿದ್ದರೆ ಮೂವರೂ ಒಳಗೆ ಹೋಗುತ್ತಾರೆ, ಎಲ್ಲರೂ ಸವಿತಾ ಆಗಿ. ತೊಂದರೆ ಆಗ ಕಾಣುವುದಿಲ್ಲ, ಕಾರ್ಯಕ್ರಮ ಮುಗಿದ ಮೇಲೆ ಹಾಜರಾತಿ ವರದಿಯಲ್ಲಿ ಕಾಣುತ್ತದೆ. ಆಯೋಜಕರು ಇಳಿಸಿಕೊಳ್ಳುವ ಆ ಫೈಲಿನಲ್ಲಿ ಹೆಸರು, ಇಮೇಲ್, ಸೇರಿದ ಸಮಯ, ಹೊರಟ ಸಮಯ, ಒಳಗಿದ್ದ ನಿಮಿಷ ಎಂಬ ಕಾಲಂಗಳಿರುತ್ತವೆ. ಸವಿತಾ ಮೇಡಂ ಇಮೇಲಿನ ಮುಂದೆ ಮೂರು ಸಾಲು: 10:58ರಿಂದ 12:16, ಅಂದರೆ 78 ನಿಮಿಷ; 11:07ರಿಂದ 12:09, 62 ನಿಮಿಷ; 11:20ರಿಂದ 11:58, 38 ನಿಮಿಷ. ಇಮೇಲ್ ಪ್ರಕಾರ ಕೂಡಿಸಿದರೆ 178 ನಿಮಿಷ. 75 ನಿಮಿಷದ ಕಾರ್ಯಕ್ರಮದಲ್ಲಿ ಒಬ್ಬರು ಮೂರು ಗಂಟೆ ಕೂತ ಲೆಕ್ಕ ಬಂತು! ಮಂಜುನಾಥ ಸರ್ 62 ನಿಮಿಷ ನಿಜವಾಗಿ ಕೂತು ಕೇಳಿದ್ದಾರೆ, ಪ್ರಮಾಣಪತ್ರಕ್ಕೆ ಅರ್ಹರು. ಆದರೆ ಅವರ ಹೆಸರು ಪಟ್ಟಿಯಲ್ಲೇ ಇಲ್ಲ. ಅವರು ಕೇಳಿದ ಪ್ರಶ್ನೆ, ಪೋಲ್‌ಗೆ ಕೊಟ್ಟ ಉತ್ತರ, ಎಲ್ಲವೂ ಸವಿತಾ ಹೆಸರಿನಲ್ಲಿ ದಾಖಲಾಗಿವೆ. ಆಯೋಜಕರಿಗೆ ದೂರು ಬರೆದರೂ ಅವರು ಮಾಡುವಂಥದ್ದು ಹೆಚ್ಚೇನಿಲ್ಲ, ಎರಡನೇ ಸಾಲು ಇವರದೇ ಎನ್ನುವುದಕ್ಕೆ ಆ ಫೈಲಿನಲ್ಲಿ ಪುರಾವೆಯಿಲ್ಲ.

ಆಯೋಜಕರ ಕಡೆಗೂ ನಷ್ಟವಿದೆ. ಒಂದೇ ಇಮೇಲ್ ಹಲವು ಸಾಲುಗಳಲ್ಲಿ, ಹೊತ್ತಿನ ಮೇಲೆ ಹೊತ್ತು ಬೀಳುವಂತೆ ಬಂದಿದ್ದರೆ ಲಿಂಕ್ ಹಂಚಿಹೋಗಿದೆ ಎಂದೇ ಅರ್ಥ. ಒಬ್ಬರೇ ನೆಟ್ ಹೋಗಿ ಮತ್ತೆ ಸೇರಿದ್ದರೆ ಒಂದು ಸಾಲಿನ ಹೊರಟ ಸಮಯದ ನಂತರ ಇನ್ನೊಂದು ಸಾಲು ಶುರುವಾಗಿರುತ್ತದೆ. ಒಬ್ಬರೇ ಫೋನು, ಲ್ಯಾಪ್‌ಟಾಪ್ ಎರಡರಲ್ಲೂ ಕೂತಿದ್ದರೆ ಮಾತ್ರ ಈ ಲೆಕ್ಕ ತಪ್ಪಬಹುದು. ಪ್ರಮಾಣಪತ್ರ ಕಳಿಸುವ ಮುನ್ನ ನಿಮಿಷಗಳನ್ನು ಕಣ್ಣು ಮುಚ್ಚಿ ಕೂಡಿಸದೆ, ಸಾಲುಗಳು ಒಂದರ ಮೇಲೊಂದು ಬಿದ್ದಿವೆಯೇ ಎಂದು ನೋಡುವುದು ಅದಕ್ಕೇ ಅಗತ್ಯ.

ಇನ್ನೊಂದು ಅಪಾಯ ಇದಕ್ಕಿಂತ ಕೆಟ್ಟದ್ದು. ಶಾಲೆಯ ಗುಂಪಿನಿಂದ ಲಿಂಕ್ ಇನ್ನೊಂದು ಗುಂಪಿಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿದೆ ಎಂದುಕೊಳ್ಳಿ. ಯಾರೋ ಅಪರಿಚಿತರು ಒಳಗೆ ಬಂದು ಚಾಟ್‌ನಲ್ಲಿ ಅಶ್ಲೀಲವಾಗಿ ಬರೆಯುತ್ತಾರೆ. ತೆರೆಯ ಮೇಲೆ ಕಾಣುವ ಹೆಸರು ಸವಿತಾ. ಹೋಸ್ಟ್ ಅವರನ್ನು ಹೊರಗೆ ಹಾಕುತ್ತಾರೆ. ಹೀಗೆ ಹೊರಹಾಕಿದವರು ಮತ್ತೆ ಬರುವಂತಿಲ್ಲ ಎಂಬುದೇ ಜೂಮ್‌ನಲ್ಲಿ ಮೊದಲಿಂದ ಇರುವ ಏರ್ಪಾಡು, ಆಯೋಜಕರು ಬೇಕೆಂದೇ ಬದಲಾಯಿಸದ ಹೊರತು. ತಪ್ಪು ಮಾಡದ ಸವಿತಾ ಮೇಡಂಗೆ ಹೆಸರೂ ಹೋಯಿತು, ಕಾರ್ಯಕ್ರಮವೂ ತಪ್ಪಿತು. ಇಡೀ ಪತ್ರವನ್ನೇ ಫಾರ್ವರ್ಡ್ ಮಾಡಿದ್ದರೆ ಮತ್ತೊಂದು ಸಮಸ್ಯೆ: ಜೂಮ್ ದೃಢೀಕರಣ ಪತ್ರದಲ್ಲಿ ನೋಂದಣಿ ರದ್ದು ಮಾಡುವ ಲಿಂಕ್ ಕೂಡ ಇರುತ್ತದೆ. ಯಾರಾದರೂ ಅದನ್ನು ಗೊತ್ತಿಲ್ಲದೆ ಒತ್ತಿ ಒಪ್ಪಿದರೆ ರದ್ದಾಗುವುದು ಸವಿತಾ ಅವರ ನೋಂದಣಿ.

ಹಾಗಾದರೆ ಎಲ್ಲರಿಗೂ ಒಂದೇ ಲಿಂಕ್ ಕೊಟ್ಟರೆ ಸಾಕಲ್ಲವೇ? ಸಾಹಿತ್ಯ ಉಪನ್ಯಾಸಕ್ಕೋ ಊರಿನ ಸಂಘದ ಸಭೆಗೋ ಅದೇ ಸರಿ. ಯಾರು ಬಂದರೂ ಸಂತೋಷ, ಹಾಜರಾತಿ ಬೇಡ, ವಯಸ್ಸಾದವರು ನೋಂದಣಿಯ ಅರ್ಜಿ ತುಂಬುವ ಕಷ್ಟವೂ ಇಲ್ಲ. ಆದರೆ ಒಂದೇ ಲಿಂಕ್ ಬಹಿರಂಗವಾದರೆ ತಡೆಯಲು ಹಿಡಿತವಿರುವುದಿಲ್ಲ. ಲಾಕ್‌ಡೌನ್ ದಿನಗಳಲ್ಲಿ ಇದನ್ನು ಜಗತ್ತೇ ಕಂಡಿತು. ಸಾಮಾಜಿಕ ಜಾಲತಾಣದಲ್ಲಿ ಹಾಕಿದ ಲಿಂಕ್ ಹಿಡಿದು ಅಪರಿಚಿತರು ಶಾಲಾ ತರಗತಿಗಳಿಗೆ ನುಗ್ಗಿದ ಪ್ರಕರಣಗಳ ನಂತರ ಅಮೆರಿಕದ ಎಫ್‌ಬಿಐ 2020ರ ಮಾರ್ಚ್ ಕೊನೆಯಲ್ಲಿ, ಲಿಂಕನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ, ಬೇಕಾದವರಿಗೆ ನೇರವಾಗಿ ಕಳಿಸಿ ಎಂದು ಎಚ್ಚರಿಸಿತು. ಏಪ್ರಿಲ್‌ನಲ್ಲಿ ಜೂಮ್ ತನ್ನ ಬಹಳಷ್ಟು ಬಳಕೆದಾರರಿಗೆ ಪಾಸ್‌ವರ್ಡ್ ಮತ್ತು ಕಾಯುವ ಕೋಣೆಯನ್ನು ತಾನಾಗಿಯೇ ಜಾರಿಗೊಳಿಸಿತು. ಒಬ್ಬೊಬ್ಬರಿಗೆ ಒಂದೊಂದು ಲಿಂಕ್ ಇದ್ದಲ್ಲಿ ಒಬ್ಬರ ನೋಂದಣಿ ರದ್ದು ಮಾಡಿದರೆ ಅವರ ಲಿಂಕ್ ಮಾತ್ರ ಸಾಯುತ್ತದೆ, ಉಳಿದವರಿಗೆ ಏನೂ ಆಗುವುದಿಲ್ಲ. ಆ ಅನುಕೂಲಕ್ಕಾಗಿಯೇ ಹಾಜರಾತಿ, ಶುಲ್ಕ, ಪ್ರಮಾಣಪತ್ರ ಇರುವ ಕಾರ್ಯಕ್ರಮಗಳವರು ಈ ದಾರಿ ಹಿಡಿಯುತ್ತಾರೆ.

ಹಂಚಬೇಕಾದದ್ದು ನೋಂದಣಿ ಪುಟದ ಲಿಂಕ್. ಅದನ್ನು ಎಷ್ಟು ಜನರಿಗೆ ಕಳಿಸಿದರೂ ತೊಂದರೆಯಿಲ್ಲ, ಪ್ರತಿಯೊಬ್ಬರಿಗೂ ಅವರವರ ಟೋಕನ್ ಸಿಗುತ್ತದೆ. ಕೈಯಲ್ಲಿರುವ ಲಿಂಕ್ ಯಾವ ಬಗೆಯದು ಎಂಬ ಸಂಶಯವಿದ್ದರೆ ಬ್ರೌಸರಿನ ಖಾಸಗಿ ವಿಂಡೋದಲ್ಲಿ ತೆರೆದು ನೋಡಬಹುದು. ಹೆಸರು, ಇಮೇಲ್ ಕೇಳುವ ಅರ್ಜಿ ಬಂದರೆ ಹಂಚಬಹುದು. ಏನೂ ಕೇಳದೆ ನೇರ ಒಳಗೆ ಕರೆದೊಯ್ಯುತ್ತಿದ್ದರೆ ಅದು ಖಾಸಗಿ ಲಿಂಕ್.

ಈ ಗೊಂದಲದಲ್ಲಿ ಆಯೋಜಕರ ಪಾಲೂ ದೊಡ್ಡದು. ದೃಢೀಕರಣ ಪತ್ರದಲ್ಲಿ ಖಾಸಗಿ ಲಿಂಕ್ ಮಾತ್ರ ಇಟ್ಟು, ಹಂಚಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದು ಕೈತೊಳೆದುಕೊಂಡರೆ ಜನ ಹಂಚುವುದು ಅದನ್ನೇ. "ಸ್ನೇಹಿತರನ್ನು ಕರೆಯಬೇಕೆ? ಈ ಲಿಂಕ್ ಕಳಿಸಿ" ಎಂದು ನೋಂದಣಿ ಪುಟದ ವಿಳಾಸವನ್ನು ಕನ್ನಡದಲ್ಲಿ, ಮೇಲ್ಭಾಗದಲ್ಲೇ ಕೊಡಬೇಕು. ಎಷ್ಟೋ ಸಲ ಆಯೋಜಕರೇ ಪರೀಕ್ಷೆಗೆಂದು ನೋಂದಾಯಿಸಿ, ತಮಗೆ ಬಂದ ಲಿಂಕನ್ನು ಪೋಸ್ಟರಿಗೆ ಹಾಕಿಬಿಡುತ್ತಾರೆ. ಪ್ಯಾನಲಿಸ್ಟ್‌ಗಳಿಗೆ, ಅಂದರೆ ಭಾಷಣಕಾರರಿಗೆ ಬರುವ ಲಿಂಕ್ ಹಂಚಿಹೋದರಂತೂ ಅಪಾಯ ಇನ್ನೂ ದೊಡ್ಡದು: ಅದನ್ನು ಹಿಡಿದವರು ಪ್ರೇಕ್ಷಕರ ಸಾಲಿಗಲ್ಲ, ನೇರ ವೇದಿಕೆಗೇ ಬರುತ್ತಾರೆ, ಅವರ ಮೈಕು, ಕ್ಯಾಮೆರಾ ಎಲ್ಲರಿಗೂ ಕೇಳಿ ಕಾಣುವಂತಿರುತ್ತದೆ.

ಲಿಂಕನ್ನು ಆಗಲೇ ಗುಂಪಿಗೆ ಹಾಕಿಬಿಟ್ಟಿದ್ದರೆ? ವಾಟ್ಸ್ಆ್ಯಪ್‌ನಲ್ಲಿ ಎಲ್ಲರ ಫೋನಿನಿಂದಲೂ ಸಂದೇಶ ಅಳಿಸಲು ಸುಮಾರು ಎರಡೂವರೆ ದಿನದ ಅವಕಾಶವಿದೆ. ಅಷ್ಟರೊಳಗೆ ಅಳಿಸಿ, ಅದೇ ಜಾಗದಲ್ಲಿ ನೋಂದಣಿ ಪುಟದ ಲಿಂಕ್ ಹಾಕಬೇಕು. ಆದರೆ ಯಾರಾದರೂ ಅದನ್ನು ಆಗಲೇ ಬೇರೆಡೆಗೆ ಕಳಿಸಿದ್ದರೆ ಅಳಿಸಿದ್ದು ಅಲ್ಲಿಗೆ ತಲುಪುವುದಿಲ್ಲ. ಆಗ ಉಳಿದಿರುವ ಭದ್ರವಾದ ದಾರಿ ಆಯೋಜಕರಿಗೆ ಹೇಳಿ ಹಳೆಯ ನೋಂದಣಿಯನ್ನು ರದ್ದು ಮಾಡಿಸಿ, ಬೇರೊಂದು ಇಮೇಲಿನಿಂದ ಹೊಸದಾಗಿ ನೋಂದಾಯಿಸುವುದು. ಹಿಂದಿನ ದಿನವೇ ಕೇಳಿಕೊಂಡರೆ ಅವರಿಗೆ ಅದು ಚಿಕ್ಕ ಕೆಲಸ. ಕಾರ್ಯಕ್ರಮ ಶುರುವಾಗಲು ಐದು ನಿಮಿಷ ಇರುವಾಗ ಫೋನು ಮಾಡಿದರೆ, ನೂರಾರು ಜನರ ಪಟ್ಟಿಯನ್ನು ನೋಡಿಕೊಳ್ಳುತ್ತಿರುವ ಆಯೋಜಕರು ಕರೆ ಎತ್ತುವುದೇ ಅನುಮಾನ.