ಅಣಕು ಖಾತೆಯ ಗುರುತು ಹೆಸರಿನ ಮೊದಲಲ್ಲೇ ಇರಲಿ

ಪ್ರಸಿದ್ಧರ ಹೆಸರಿನಲ್ಲಿ ಅಣಕು ಖಾತೆ ಅಥವಾ ಅಭಿಮಾನಿ ಖಾತೆ ನಡೆಸಲು ಎಕ್ಸ್, ಅಂದರೆ ಹಿಂದಿನ ಟ್ವಿಟರ್, ಅವಕಾಶ ಕೊಟ್ಟಿದೆ. ನೋಡಿದವರು ಅದನ್ನೇ ಅಸಲಿ ಎಂದು ನಂಬುವಂತಿದ್ದರೆ ಮಾತ್ರ ಅದು ಸೋಗು ಎನಿಸಿಕೊಂಡು ಅಮಾನತಾಗುತ್ತದೆ.

ಗೊಂದಲ ಹುಟ್ಟಲು ಒಂದು ಅಕ್ಷರ ಸಾಕು. ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ತೊರೆದ 2012ರ ಆಗಸ್ಟ್‌ನಲ್ಲಿ, ಪ್ರಧಾನಿ ಕಾರ್ಯಾಲಯದ್ದೆಂದು ತೋರುವ ಆರು ಖಾತೆಗಳ ಮೇಲೆ ಕ್ರಮ ಕೈಗೊಳ್ಳುವಂತೆ ಸರ್ಕಾರ ಟ್ವಿಟರನ್ನು ಕೇಳಿತು. ಅವುಗಳಲ್ಲಿ ಒಂದು @PM0India. ಅಸಲಿ ಖಾತೆ @PMOIndia. ನಕಲಿಯಲ್ಲಿ ಇಂಗ್ಲಿಷಿನ ‘ಓ’ ಅಕ್ಷರದ ಜಾಗದಲ್ಲಿ ಸೊನ್ನೆ ಇತ್ತು. ಓದುವ ಭರದಲ್ಲಿ ಇದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ.

2022ರ ನವೆಂಬರ್‌ನಲ್ಲಿ ಹಣ ಕೊಟ್ಟವರಿಗೆಲ್ಲ ನೀಲಿ ಗುರುತು ಸಿಗತೊಡಗಿದಾಗ ಅಪಾಯ ಇನ್ನೂ ಹೆಚ್ಚಿತು. ಅಮೆರಿಕದ ಔಷಧ ಕಂಪನಿ ಎಲೈ ಲಿಲ್ಲಿಯ ಸೋಗು ಹಾಕಿದ ಖಾತೆಯೊಂದು ಇನ್ಸುಲಿನ್ ಇನ್ನು ಉಚಿತ ಎಂದು ಘೋಷಿಸಿತು. ಕಂಪನಿ ಸ್ಪಷ್ಟನೆ ಕೊಟ್ಟು ಕ್ಷಮೆ ಕೇಳಬೇಕಾಯಿತು. ಅದೇ ತಿಂಗಳು ತಮ್ಮ ಖಾತೆಯ ಹೆಸರನ್ನು ಎಲಾನ್ ಮಸ್ಕ್ ಎಂದು ಬದಲಿಸಿಕೊಂಡ ಹಾಸ್ಯ ಕಲಾವಿದೆ ಕ್ಯಾಥಿ ಗ್ರಿಫಿನ್ ಅವರ ಖಾತೆಯೂ ಅಮಾನತಾಯಿತು.

ಬಹಳಷ್ಟು ಜನ ಎಡವುವುದು ಪರಿಚಯದ ಸಾಲಿನಲ್ಲಿ. ಅಲ್ಲಿ ‘ಅಭಿಮಾನಿ ಪುಟ’ ಎಂದು ಬರೆದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ಪೋಸ್ಟ್ ಓದುವವರಿಗೆ ಕಾಣುವುದು ಹೆಸರು ಮತ್ತು ಚಿತ್ರ ಮಾತ್ರ. ಪರಿಚಯ ಓದಲು ಖಾತೆಯ ಪುಟಕ್ಕೇ ಹೋಗಬೇಕು. ಹೆಸರಿನ ಕೊನೆಯಲ್ಲಿ ಸೇರಿಸಿದ ಪದವೂ ಮೊಬೈಲ್ ಪರದೆಯಲ್ಲಿ ಕತ್ತರಿಸಿಹೋಗಬಹುದು. ಹಾಗಾಗಿ 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ Parody, Fake, Fan, Commentary ಮುಂತಾದ ಪದ ಹೆಸರಿನ ಆರಂಭದಲ್ಲೇ ಇರಬೇಕು. ಅಸಲಿ ಖಾತೆಯ ಚಿತ್ರವನ್ನೇ ಹಾಕುವಂತಿಲ್ಲ.

ರಾಜ್‌ಕುಮಾರ್ ಅಭಿಮಾನಿಯೊಬ್ಬರ ಖಾತೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. Dr Rajkumar ಎಂಬ ಬರೀ ಹೆಸರು ತಪ್ಪು. Dr Rajkumar Fan ಎಂದರೂ ಸಾಲದು. Fan: Dr Rajkumar ಸರಿ. ಕನ್ನಡದ ‘ಅಭಿಮಾನಿ’ ಪದವನ್ನು ಬಳಸುವವರು ಜೊತೆಗೆ ಇಂಗ್ಲಿಷ್ ಪದವನ್ನೂ ಇಟ್ಟುಕೊಳ್ಳುವುದು ಕ್ಷೇಮ. ಮುಖಚಿತ್ರಕ್ಕೆ ಅಭಿಮಾನಿಯೇ ಬರೆದ ರೇಖಾಚಿತ್ರ ಒಪ್ಪುತ್ತದೆ. ಪರಿಚಯದಲ್ಲಿ ಕುಟುಂಬಕ್ಕೂ ಈ ಖಾತೆಗೂ ಸಂಬಂಧವಿಲ್ಲ ಎಂದು ಸ್ಪಷ್ಟವಾಗಿ ಬರೆಯಬೇಕು. ಇಂಥ ಖಾತೆಗಳಿಗೆಂದೇ ಇರುವ ಗುರುತುಪಟ್ಟಿಯನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿದರೆ ಅದು ಪ್ರತಿ ಪೋಸ್ಟಿನ ಮೇಲೂ ಕಾಣುತ್ತದೆ.

ಅಮಾನತಾದ ಮೇಲೆ ಮೇಲ್ಮನವಿ ಸಲ್ಲಿಸಲು ಎಕ್ಸ್‌ನ ಸಹಾಯ ಪುಟದಲ್ಲಿ ನಮೂನೆ ಇದೆ. ಖಾತೆ ಯಾವ ಬಗೆಯದು, ಹೆಸರು ಮತ್ತು ಚಿತ್ರವನ್ನು ಹೇಗೆ ಸರಿಪಡಿಸಲಾಗುವುದು ಎಂಬುದನ್ನು ಅದರಲ್ಲಿ ನೇರವಾಗಿ ತಿಳಿಸಬೇಕು. ಸಿಟ್ಟಿನಿಂದ ಇನ್ನೊಂದು ಖಾತೆ ತೆರೆಯಬಾರದು. ಅಮಾನತನ್ನು ತಪ್ಪಿಸಿಕೊಳ್ಳುವ ಆ ಯತ್ನವೂ ನಿಯಮಭಂಗವೇ.

ಗುರುತು ಹಾಕಿದ ಮಾತ್ರಕ್ಕೆ ಎಲ್ಲಕ್ಕೂ ರಕ್ಷಣೆ ಸಿಗುವುದಿಲ್ಲ. ಬೇರೆಯವರ ಸೋಗಿನಲ್ಲಿ ಹಣ ಕೇಳಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಜೈಲು ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.