ಪರೀಕ್ಷೆಯ ಪ್ಯಾಡಿನ ಮೇಲೆ ಘರ್ಷಣೆಯ ಅಳತೆ

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಆದರೆ ಸಂಜೆ ನಮ್ಮ ಬೀದಿಯ ಆರು, ಏಳನೇ ತರಗತಿಯ ಮಕ್ಕಳಿಗೆ ಪಾಠ ಹೇಳಿಕೊಡುವುದರಿಂದ ವಿಜ್ಞಾನವನ್ನು ಬಿಟ್ಟಿರಲು ಆಗುವುದಿಲ್ಲ. 'ಘರ್ಷಣೆ' ಎಂಬ ಪದ ಅವರಿಗೆ ಬಾಯಿಪಾಠ. ಮನೆಯಲ್ಲಿ ಉರ್ದು ಮಾತಾಡುವ ಮಕ್ಕಳಿಗೆ "ರಗಡ್" ಎಂದರೆ ಕೂಡಲೇ ಅರ್ಥವಾಗುತ್ತದೆ. ಆದರೆ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ, ಎಷ್ಟು ಹೆಚ್ಚು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಅದನ್ನು ಅಳೆಯಲು ಲ್ಯಾಬ್ ಬೇಕಿಲ್ಲ. ಪರೀಕ್ಷೆಗೆ ಒಯ್ಯುವ ಪ್ಯಾಡ್ ಒಂದಿದ್ದರೆ ಸಾಕು. ತಮ್ಮ ತಂಗಿಯರಿಗೆ ಪಾಠ ಹೇಳುವ ನಮ್ಮ ಕಾಲೇಜಿನ ಗೆಳೆಯ ಗೆಳತಿಯರಿಗೆ ಉಪಯೋಗವಾಗಲಿ ಎಂದು ಈ ಪ್ರಯೋಗವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಬೇಕಾಗುವ ವಸ್ತುಗಳು

ಕ್ಲಿಪ್ ಇರುವ ಪ್ಯಾಡ್, ಖಾಲಿ ಬೆಂಕಿಪೊಟ್ಟಣ, ಸ್ಕೇಲ್, ಒಂದೇ ಬಗೆಯ ಹತ್ತು ಒಂದು ರೂಪಾಯಿ ನಾಣ್ಯಗಳು, ದಪ್ಪ ಪುಸ್ತಕ, ಹಳೆಯ ದಿನಪತ್ರಿಕೆ, ಟವೆಲ್, ಸ್ವಲ್ಪ ಕ್ಯಾರಂ ಪೌಡರ್. ಬಣ್ಣ ಬಳಿಯುವವರ ಹತ್ತಿರ ಉಳಿದ ಉಪ್ಪು ಕಾಗದದ ತುಂಡು ಸಿಕ್ಕರೆ ಅದೂ ಇರಲಿ.

ಮಾಡುವ ವಿಧಾನ

ಪ್ಯಾಡನ್ನು ಮೇಜಿನ ಮೇಲೆ ಇಡಿ. ಕ್ಲಿಪ್ ಇಲ್ಲದ ಅಂಚು ಜಾರದಂತೆ ಅದಕ್ಕೆ ದಪ್ಪ ಪುಸ್ತಕ ಒರಗಿಸಿ. ಕ್ಲಿಪ್ಪಿನ ಹತ್ತಿರ ಬೆಂಕಿಪೊಟ್ಟಣವನ್ನು ಅಗಲವಾದ ಮುಖ ಕೆಳಗೆ ಬರುವಂತೆ ಮಲಗಿಸಿ. ಈಗ ಒಬ್ಬರು ಕ್ಲಿಪ್ ಇರುವ ತುದಿಯನ್ನು ನಿಧಾನವಾಗಿ, ಒಂದೇ ಸಮನೆ ಮೇಲಕ್ಕೆ ಎತ್ತಬೇಕು. ಪೊಟ್ಟಣ ಜಾರಲು ಶುರುವಾದ ಕ್ಷಣ ಕೈ ನಿಲ್ಲಿಸಬೇಕು. ಇನ್ನೊಬ್ಬರು ಸ್ಕೇಲನ್ನು ಮೇಜಿನ ಮೇಲೆ ನೇರವಾಗಿ ನಿಲ್ಲಿಸಿ, ಎತ್ತಿದ ತುದಿ ಎಷ್ಟು ಎತ್ತರದಲ್ಲಿದೆ ಎಂದು ಓದಬೇಕು. ಒಂದೊಂದು ಮೇಲ್ಮೈಗೂ ಮೂರು ಸಲ ಮಾಡಿ, ನಡುವಿನ ಅಳತೆಯನ್ನು ಬರೆದುಕೊಳ್ಳಿ. ಪತ್ರಿಕೆ, ಟವೆಲ್, ಉಪ್ಪು ಕಾಗದವನ್ನು ಪ್ಯಾಡಿನ ಕ್ಲಿಪ್ಪೇ ಹಿಡಿದುಕೊಳ್ಳುತ್ತದೆ. ಪೌಡರಿನ ಸರದಿ ಕೊನೆಗೆ ಇರಲಿ, ಇಲ್ಲದಿದ್ದರೆ ಅದು ಉಳಿದ ಅಳತೆಗಳನ್ನೆಲ್ಲ ಕೆಡಿಸುತ್ತದೆ.

35 ಸೆಂ.ಮೀ. ಉದ್ದದ ನನ್ನ ಪ್ಯಾಡಿನಲ್ಲಿ ನಮಗೆ ಸಿಕ್ಕ ಎತ್ತರಗಳು ಇವು:

ಪೌಡರ್ ಹಾಕಿದ ಪ್ಯಾಡ್: 7.5 ಸೆಂ.ಮೀ.
ಬರಿಯ ಪ್ಯಾಡ್: 11.5 ಸೆಂ.ಮೀ.
ದಿನಪತ್ರಿಕೆ: 13 ಸೆಂ.ಮೀ.
ಟವೆಲ್: 17 ಸೆಂ.ಮೀ.
ಉಪ್ಪು ಕಾಗದ: 20 ಸೆಂ.ಮೀ.

ಎತ್ತರ ಹೆಚ್ಚಾದಷ್ಟೂ ಘರ್ಷಣೆ ಹೆಚ್ಚು. ಇಷ್ಟು ಆರನೇ ತರಗತಿಗೆ ಸಾಕು. ಶೇಕಡಾವಾರು ಲೆಕ್ಕ ಬರುವ ಮಕ್ಕಳು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಎತ್ತಿದ ತುದಿಯ ನೇರ ಕೆಳಗಿನ ಬಿಂದುವಿನಿಂದ ಪ್ಯಾಡಿನ ಕೆಳಗಿನ ಅಂಚಿನವರೆಗೆ ಮೇಜಿನ ಮೇಲೆ ಅಳೆಯಿರಿ. ಬರಿಯ ಪ್ಯಾಡಿಗೆ ಅದು 33 ಸೆಂ.ಮೀ. ಬಂತು. ಎತ್ತರವನ್ನು ಅದರಿಂದ ಭಾಗಿಸಿದರೆ, 11.5 ÷ 33, ಅಂದರೆ ಸುಮಾರು 0.35, ಶೇಕಡಾ 35. ಇದರ ಅರ್ಥ ಸರಳ. ಸಮತಟ್ಟಾದ ಪ್ಯಾಡಿನ ಮೇಲೆ 100 ಗ್ರಾಂ ತೂಕದ ಪೊಟ್ಟಣವನ್ನು ಕದಲಿಸಬೇಕಾದರೆ ಸುಮಾರು 35 ಗ್ರಾಂ ತೂಕದಷ್ಟು ಬಲದಿಂದ ಎಳೆಯಬೇಕು. ದೊಡ್ಡ ತರಗತಿಗಳಲ್ಲಿ ಇದನ್ನೇ ಘರ್ಷಣಾ ಗುಣಾಂಕ ಎನ್ನುತ್ತಾರೆ.

ಭಾರವಾದದ್ದು ಮೊದಲು ಜಾರುತ್ತದೆಯೇ?

ಮಕ್ಕಳು ನಿಜವಾಗಿ ಜಗಳಕ್ಕೆ ಬೀಳುವುದು ಇಲ್ಲಿ. ಎರಡು ಪೊಟ್ಟಣ ತೆಗೆದುಕೊಂಡು ಒಂದರಲ್ಲಿ ಹತ್ತು ನಾಣ್ಯ ತುಂಬಿ, ಯಾವುದು ಮೊದಲು ಜಾರುತ್ತದೆ ಎಂದು ಕೇಳಿ. ಎತ್ತುವ ಮೊದಲೇ ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಬರೆದಿಡಬೇಕು. ನಮ್ಮಲ್ಲಿ ಒಬ್ಬ ಹುಡುಗ "ಭಾರೀ ಡಬ್ಬಾ ಪೈಲೆ ಫಿಸಲ್ತಾ, ಆಪಾ" ಎಂದ, ಭಾರದ್ದೇ ಮೊದಲು ಜಾರುತ್ತದೆ ಎಂದು. ಅವನ ತಂಗಿಯ ವಾದ ಬೇರೆ. ಭಾರದ ಚೀಲವನ್ನು ಎಳೆಯುವುದು ಕಷ್ಟ, ಆದ್ದರಿಂದ ಭಾರದ್ದು ಕೊನೆಗೆ ಜಾರುತ್ತದೆ ಎಂದಳು. ಎರಡು ವಾದದಲ್ಲೂ ಹುರುಳಿದೆ.

ಅಳತೆ ಇಬ್ಬರನ್ನೂ ಗೆಲ್ಲಿಸಲಿಲ್ಲ. ಖಾಲಿ ಪೊಟ್ಟಣ 12 ಸೆಂ.ಮೀ., ಐದು ನಾಣ್ಯ ಹಾಕಿದಾಗ 11.5, ಹತ್ತು ನಾಣ್ಯ ಹಾಕಿದಾಗಲೂ 11.5. ಒಂದೇ ಪೊಟ್ಟಣವನ್ನು ಮೂರು ಸಲ ಜಾರಿಸಿದಾಗಲೇ ಅರ್ಧ, ಒಂದು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಆದ್ದರಿಂದ ಈ ಅರ್ಧ ಸೆಂಟಿಮೀಟರನ್ನು ತೂಕದ ಪರಿಣಾಮ ಎನ್ನಲಾಗದು. ಪೊಟ್ಟಣದ ತೂಕ ಹಲವು ಪಟ್ಟು ಹೆಚ್ಚಾದರೂ ಎತ್ತರ ಬದಲಾಗಲಿಲ್ಲ.

ಹಾಗಾದರೆ ತಂಗಿ ಹೇಳಿದ್ದು ಸುಳ್ಳೇ? ಅಲ್ಲ. ತೆಳುವಾದ ಎರಡು ಮೂರು ರಬ್ಬರ್ ಬ್ಯಾಂಡುಗಳನ್ನು ಒಂದಕ್ಕೊಂದು ಗಂಟು ಹಾಕಿ, ಖಾಲಿ ಟಿಫಿನ್ ಡಬ್ಬಿಗೆ ಕಟ್ಟಿ ಮೇಜಿನ ಮೇಲೆ ಎಳೆಯಿರಿ. ಬಳಿಕ ಅದೇ ಡಬ್ಬಿಗೆ ಅಕ್ಕಿ ತುಂಬಿ ಎಳೆಯಿರಿ. ಡಬ್ಬಿ ಕದಲುವ ಮೊದಲು ರಬ್ಬರ್ ಎಷ್ಟು ಹಿಗ್ಗಿತು ಎಂದು ನೋಡಿದರೆ ಸಾಕು. ಅಕ್ಕಿ ತುಂಬಿದಾಗ ಹೆಚ್ಚು ಹಿಗ್ಗುತ್ತದೆ. ಅಂದರೆ ತೂಕ ಹೆಚ್ಚಿದರೆ ಘರ್ಷಣೆ ಹೆಚ್ಚುವುದು ನಿಜ.

ಪ್ಯಾಡಿನ ಇಳಿಜಾರಿನಲ್ಲಿ ಮಾತ್ರ ಪೊಟ್ಟಣದ ತೂಕ ಎರಡು ಕೆಲಸ ಮಾಡುತ್ತದೆ. ಅದರ ಒಂದು ಪಾಲು ಪೊಟ್ಟಣವನ್ನು ಪ್ಯಾಡಿಗೆ ಒತ್ತಿ ಘರ್ಷಣೆಯನ್ನು ಹೆಚ್ಚಿಸುತ್ತದೆ. ಇನ್ನೊಂದು ಪಾಲು ಪೊಟ್ಟಣವನ್ನು ಕೆಳಗೆ ಎಳೆಯುತ್ತದೆ. ತೂಕ ಎರಡರಷ್ಟಾದರೆ ಎಳೆತವೂ ಎರಡರಷ್ಟು, ತಡೆಯುವ ಘರ್ಷಣೆಯೂ ಎರಡರಷ್ಟು. ಅಂಗಡಿಯ ಆದಾಯ ಮತ್ತು ಖರ್ಚು ಎರಡೂ ಇಮ್ಮಡಿಯಾದರೆ ಅವುಗಳ ಅನುಪಾತ ಬದಲಾಗುತ್ತದೆಯೇ? ಇದೂ ಹಾಗೆಯೇ. ಒತ್ತುವ ಭಾರಕ್ಕೆ ತಕ್ಕಂತೆ ಘರ್ಷಣೆ ಹೆಚ್ಚುತ್ತದೆ ಎಂಬ ಈ ನಿಯಮವನ್ನು ಫ್ರಾನ್ಸಿನ ಗಿಯೋಮ್ ಅಮೊಂಟನ್ಸ್ 1699ರಲ್ಲಿ ಮಂಡಿಸಿದ್ದರು.

ಎಡವುವ ಜಾಗಗಳು

ನಾಣ್ಯಗಳು ಪೊಟ್ಟಣದೊಳಗೆ ಗಲಗಲ ಎನ್ನುವಂತಿದ್ದರೆ ಅವೇ ಜಾರಿ ಬಡಿದು ಪೊಟ್ಟಣವನ್ನು ಬೇಗ ಕದಲಿಸುತ್ತವೆ. ಹತ್ತಿ ಅಥವಾ ಕಾಗದ ತುರುಕಿ ಬಿಗಿ ಮಾಡಿ. ಕೈ ಅದುರಿದರೂ ಹೀಗೆಯೇ ಆಗುತ್ತದೆ. ಮೂರು ಅಳತೆಗಳ ನಡುವೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ಅಂತರ ಬಂದರೆ ಎತ್ತುವ ಕೈ ಸರಿಯಿಲ್ಲವೆಂದು ತಿಳಿಯಿರಿ. ಟವೆಲ್ ಸಡಿಲವಾಗಿದ್ದರೆ ಅದೇ ಮಡಚಿಕೊಂಡು ಪೊಟ್ಟಣದ ಜೊತೆ ಕೆಳಗೆ ಬರುತ್ತದೆ. ಆ ಅಳತೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಮಕ್ಕಳಿಗೆ ಕೇಳಬೇಕಾದ ಪ್ರಶ್ನೆಗಳು

ಉತ್ತರವನ್ನು ನೀವು ಹೇಳಬೇಡಿ, ಪ್ಯಾಡ್ ಹೇಳಲಿ.

1. ಪ್ಯಾಡನ್ನು ಸ್ವಲ್ಪವೇ ಎತ್ತಿದಾಗ ಪೊಟ್ಟಣ ಯಾಕೆ ಜಾರಲಿಲ್ಲ? ಆಗಲೂ ಅದನ್ನು ಕೆಳಕ್ಕೆ ಎಳೆಯುವ ಬಲ ಇತ್ತೇ?
2. ಕ್ಯಾರಂ ಬೋರ್ಡಿಗೆ ಪೌಡರ್ ಹಾಕುವುದು ಯಾಕೆ? ನಮ್ಮ ಪಟ್ಟಿಯ ಯಾವ ಎರಡು ಅಳತೆಗಳು ಇದಕ್ಕೆ ಸಾಕ್ಷಿ?
3. ಒಂದೇ ಸಲ ಅಳೆದು ಬಿಟ್ಟಿದ್ದರೆ ನಾಣ್ಯಗಳ ಬಗ್ಗೆ ಯಾವ ತೀರ್ಮಾನಕ್ಕೆ ಬರುತ್ತಿದ್ದೆವು?
4. ಜಾರಲು ಶುರುವಾದ ಮೇಲೆ ಪ್ಯಾಡನ್ನು ತುಸು ಇಳಿಸಿದರೂ ಪೊಟ್ಟಣ ಜಾರುತ್ತಲೇ ಇರುತ್ತದೆಯೇ? ಮಾಡಿ ನೋಡಿ.
5. ಪೊಟ್ಟಣವನ್ನು ಮಲಗಿಸುವ ಬದಲು ಕಡ್ಡಿ ಗೀರುವ ಪಕ್ಕದ ಮೇಲೆ ನಿಲ್ಲಿಸಿ ಜಾರಿಸಿದರೆ ಎತ್ತರ ಬದಲಾದೀತೇ?

ಕೊನೆಯ ಪ್ರಶ್ನೆಯಲ್ಲಿ ಒಂದು ಬಲೆ ಇದೆ. ಎತ್ತರ ಬದಲಾದರೆ ಮಕ್ಕಳು "ತಾಗುವ ಜಾಗ ಕಡಿಮೆಯಾಯಿತು, ಅದಕ್ಕೇ" ಎನ್ನುತ್ತಾರೆ. ಆದರೆ ಗೀರುವ ಪಕ್ಕ ಒರಟು. ಜಾಗದ ಜೊತೆಗೆ ಮೇಲ್ಮೈಯೂ ಬದಲಾಗಿದೆ. ಪೊಟ್ಟಣಕ್ಕೆ ಸುತ್ತಲೂ ಒಂದೇ ಕಾಗದವನ್ನು ನುಣುಪಾಗಿ ಅಂಟಿಸಿ ಮತ್ತೆ ಜಾರಿಸಲು ಹೇಳಿ. ಈಗ ಮಲಗಿಸಿದರೂ ನಿಲ್ಲಿಸಿದರೂ ಎತ್ತರ ಹೆಚ್ಚುಕಡಿಮೆ ಒಂದೇ ಬರುತ್ತದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು ಎಂಬುದು ಅವರಿಗೆ ಆಗ ತಾನಾಗಿಯೇ ಹೊಳೆಯುತ್ತದೆ.