ಜಿರಳೆಗೆ ಅಗ್ರಿಮೆಂಟ್ ಇಲ್ಲ

ಡಾ. ಸೂಸ್ ಎಂಬ ಹೆಸರಿನಲ್ಲಿ ಮಕ್ಕಳ ಪುಸ್ತಕ ಬರೆದು ಲೋಕಪ್ರಸಿದ್ಧನಾದ ಥಿಯೊಡೋರ್ ಗೀಸೆಲ್, ಅದಕ್ಕೂ ಮೊದಲು ಹೊಟ್ಟೆ ಹೊರೆದದ್ದು ಸೊಳ್ಳೆಗಳಿಂದ. ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯವರು 1928ರಲ್ಲಿ ತಮ್ಮ ಫ್ಲಿಟ್ ಎಂಬ ಕೀಟನಾಶಕಕ್ಕೆ ಜಾಹೀರಾತಿನ ವ್ಯಂಗ್ಯಚಿತ್ರ ಬರೆಯಲು ಅವನನ್ನು ಹಿಡಿದರು. ಚಿತ್ರದಲ್ಲಿ ಯಾರೋ ಒಬ್ಬರ ಮೇಲೆ ವಿಚಿತ್ರ ಹುಳವೊಂದು ಎರಗಲು ಬರುತ್ತಿರುತ್ತದೆ. ಕೆಳಗೆ ಒಂದೇ ಸಾಲು: “ಬೇಗ, ಹೆನ್ರಿ, ಫ್ಲಿಟ್ ತಾ!” ಈ ಸಾಲು ಹದಿನೇಳು ವರ್ಷ ಓಡಿತು. ಅಮೆರಿಕದ ಜನ ಮಾತುಮಾತಿಗೆ ಅದನ್ನೇ ಹೇಳತೊಡಗಿದರು. ನಮ್ಮ ಹಳೆಯ ಮನೆಗಳಲ್ಲೂ ಕೈಯಲ್ಲಿ ಹಿಡಿದು ಒತ್ತುವ ತಗಡಿನ ಪಂಪಿಗೆ ಫ್ಲಿಟ್ ಪಂಪು ಎಂದೇ ಹೆಸರಿತ್ತು.

ಆ ಸಾಲಿನಲ್ಲಿ ಏನಿದೆ ನೋಡಿ. ಗಾಬರಿ ಇದೆ, ಸಹಾಯಕ್ಕೆ ಕೂಗು ಇದೆ, ಸರಕಿನ ಹೆಸರಿದೆ. ಮನೆ ಗಲೀಜಾಗಿದೆ ಎಂಬ ಆಕ್ಷೇಪವಿಲ್ಲ, ಹೆನ್ರಿ ಸೋಮಾರಿ ಎಂಬ ಚುಚ್ಚು ಇಲ್ಲ. ಆದರೆ ಇದೇ ಸರಣಿಯ ಕೆಲವು ಚಿತ್ರಗಳಲ್ಲಿ ಗೀಸೆಲ್ ಆಫ್ರಿಕಾದವರನ್ನೂ ಅರಬರನ್ನೂ ವಿಕಾರವಾಗಿ ಬರೆದು ನಗಿಸಲು ಹೋಗಿದ್ದಾನೆ. ಇಂದು ಆ ಚಿತ್ರಗಳನ್ನು ನೋಡಿದರೆ ಮುಜುಗರವಾಗುತ್ತದೆ. ಹುಳವನ್ನು ಕಂಡು ನಕ್ಕ ಭಾಗ ಇನ್ನೂ ಉಳಿದಿದೆ, ಮನುಷ್ಯರನ್ನು ಕಂಡು ನಕ್ಕ ಭಾಗ ಕೊಳೆತಿದೆ.

1970ರ ದಶಕದಲ್ಲಿ ಅಮೆರಿಕದಲ್ಲೇ ಬ್ಲ್ಯಾಕ್ ಫ್ಲ್ಯಾಗ್ ಕಂಪನಿ ‘ರೋಚ್ ಮೋಟೆಲ್’ ಎಂಬ ರಟ್ಟಿನ ಡಬ್ಬಿ ತಂದಿತು. ಒಳಗೆ ಅಂಟು, ಬಾಗಿಲು ತೆರೆದೇ ಇರುತ್ತದೆ. ಜಿರಳೆಗಳು ಇಲ್ಲಿ ರೂಮು ಹಿಡಿಯುತ್ತವೆ, ಖಾಲಿ ಮಾಡುವುದಿಲ್ಲ ಎಂಬರ್ಥದ ಸಾಲು ಅದಕ್ಕೆ. ನನ್ನ ಮಟ್ಟಿಗೆ ಕೀಟದ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಟ್ಯಾಗ್‌ಲೈನ್ ಬಂದಿಲ್ಲ. ಏಕೆಂದರೆ ನಗೆಯೇ ಇಲ್ಲಿ ಬಳಕೆಯ ವಿಧಾನವನ್ನೂ ಹೇಳಿಬಿಡುತ್ತದೆ. ಸಾಲು ಕೇಳಿದವನಿಗೆ ಡಬ್ಬಿಯನ್ನು ನೋಡದೆಯೇ ಅದು ಹೇಗೆ ಕೆಲಸ ಮಾಡುತ್ತದೆಂದು ಗೊತ್ತಾಗುತ್ತದೆ.

ಈಗ ನಮ್ಮೂರಿಗೆ ಬರೋಣ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಮೂರು ಜನರ ಪೆಸ್ಟ್ ಕಂಟ್ರೋಲ್ ಸರ್ವಿಸ್ ಇದೆ ಎಂದಿಟ್ಟುಕೊಳ್ಳಿ. ಮುಖ್ಯ ಕಸುಬು ಅಡುಗೆಮನೆಯ ಜಿರಳೆ. ಆಟೋ ಹಿಂದೆ, ಲಿಫ್ಟ್ ಪಕ್ಕದ ಸ್ಟಿಕರ್‌ನಲ್ಲಿ ಹಾಕಲು ಅವರಿಗೊಂದು ಸಾಲು ಬೇಕು. ಬರೆಯುವವನು ಮೊದಲು ಕೇಳಬೇಕಾದದ್ದು ಕೆಲಸ ಹೇಗೆ ನಡೆಯುತ್ತದೆ ಎಂದು.

ನಮ್ಮ ಅಡುಗೆಮನೆಗಳನ್ನು ಹೆಚ್ಚಾಗಿ ಕಾಡುವುದು ಜರ್ಮನ್ ಜಿರಳೆ. ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದ, ತಿಳಿಗಂದು ಬಣ್ಣ, ತಲೆಯ ಹಿಂದೆ ಎರಡು ಕಪ್ಪು ಗೆರೆ. ಇದಕ್ಕೆ ಈಗ ಸ್ಪ್ರೇ ಹೊಡೆಯುವುದಕ್ಕಿಂತ ಜೆಲ್ ಹಾಕುವುದೇ ಹೆಚ್ಚು. ಕಪಾಟಿನ ಹಿಂಜಿಗಳ ಬಳಿ, ಸಿಂಕಿನ ಕೆಳಗೆ, ಫ್ರಿಜ್ಜಿನ ಮೋಟಾರಿನ ಹತ್ತಿರ ಸಾಸಿವೆಗಿಂತ ತುಸು ದೊಡ್ಡ ಚುಕ್ಕೆಗಳನ್ನು ಇಡುತ್ತಾರೆ. ತಿಂದ ಜಿರಳೆ ಅಲ್ಲೇ ಸಾಯುವುದಿಲ್ಲ, ಸಂದಿಗೆ ಮರಳಿ ಆಮೇಲೆ ಸಾಯುತ್ತದೆ. ಅದರ ಹಿಕ್ಕೆಯನ್ನೋ ಹೆಣವನ್ನೋ ತಿಂದ ಮಿಕ್ಕವೂ ಸಾಯುತ್ತವೆ. ಮೊದಲ ಕೆಲವು ದಿನ ಹಗಲಲ್ಲೇ ತೂರಾಡುವ ಜಿರಳೆಗಳು ಕಾಣುವುದೂ ಉಂಟು. ಮನೆಯವರು ಗಾಬರಿಯಾಗಿ ಅದೇ ಜಾಗಕ್ಕೆ ಅಂಗಡಿಯ ಸ್ಪ್ರೇ ಹೊಡೆದರೆ ಕೆಲಸ ಕೆಟ್ಟಂತೆ: ಜಿರಳೆ ಜೆಲ್ ಹತ್ತಿರ ಸುಳಿಯುವುದಿಲ್ಲ. ಇನ್ನೊಂದು ತೊಡಕು ಮೊಟ್ಟೆಯದು. ಹೆಣ್ಣು ಜಿರಳೆ ಹೊಟ್ಟೆಯ ತುದಿಯಲ್ಲಿ ಹೊತ್ತು ತಿರುಗುವ ಚೀಲದಲ್ಲಿ ಮೂವತ್ತರಿಂದ ನಲವತ್ತು ಮೊಟ್ಟೆ ಇರುತ್ತವೆ. ಚೀಲದೊಳಗಿನ ಮರಿಗೆ ಜೆಲ್ ತಲುಪದು. ಹಾಗಾಗಿ ಎರಡು ವಾರದ ಹೊತ್ತಿಗೆ ಎರಡನೇ ಸಲ ಬರಬೇಕು.

ಇಷ್ಟು ತಿಳಿದ ಮೇಲೆ ‘ಒಂದೇ ಏಟು, ಜಿರಳೆ ಮಾಯ’ ಎಂಬ ಸಾಲು ತಾನಾಗಿ ಬಿದ್ದುಹೋಗುತ್ತದೆ. ಕೇಳಲೇನೋ ಚುರುಕಾಗಿದೆ, ಆದರೆ ಅದು ಸುಳ್ಳು. ಮೂರನೇ ದಿನ ಜಿರಳೆ ಕಂಡ ಮನೆಯಾಕೆ ಫೋನ್ ಮಾಡಿ ಆ ಸಾಲನ್ನೇ ಓದಿ ಹೇಳುತ್ತಾಳೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ ಎಂಬುದು ಬೇರೆ ಮಾತು.

ಇನ್ನು ನಗೆ. ಮೊದಲು ಹೊಳೆಯುವುದೆಲ್ಲ ಸಾವಿನ ಸುತ್ತಲೇ: ‘ಜಿರಳೆಗೆ ಕೈಲಾಸದ ಟಿಕೆಟ್’, ‘ಜಿರಳೆಗೆ ತಿಥಿ, ಊಟ ನಮ್ಮದು’. ಎರಡನೆಯದು ಓದಿ ನಾನೂ ನಕ್ಕೆ, ಸುಳ್ಳೇಕೆ. ಆದರೆ ಲಿಫ್ಟ್ ಪಕ್ಕದ ಸ್ಟಿಕರ್ ಕಟ್ಟಡದವರೆಲ್ಲರ ಕಣ್ಣಿಗೂ ದಿನಾ ಬೀಳುತ್ತದೆ. ಮೊನ್ನೆಯಷ್ಟೇ ತಂದೆಯ ವೈಕುಂಠ ಸಮಾರಾಧನೆ ಮುಗಿಸಿದವರೂ ಅದೇ ಲಿಫ್ಟಿಗೆ ಕಾಯುತ್ತಾರೆ. ಇಲಿಯ ಜಾಹೀರಾತಿನಲ್ಲಿ ಗಣಪತಿಯನ್ನು ಎಳೆದುತರುವುದೂ ಇದೇ ಜಾತಿಯದು. ‘ನಿಮ್ಮ ಕೊಳಕಿಗೆ ನಮ್ಮ ಮದ್ದು’ ಎಂಬ ಧಾಟಿಯಂತೂ ಗಿರಾಕಿಯ ಕೆನ್ನೆಗೇ ಹೊಡೆದಂತೆ. ಪೈಪಿನ ಸಂದಿಯಿಂದ ಕೆಳಮನೆಯ ಜಿರಳೆ ಮೇಲೆ ಬಂದರೆ ಮೇಲಿನವರ ತಪ್ಪೇನು?

ನಾನು ಹಿಡಿದ ಎಳೆ ಬಾಡಿಗೆಯದು. ಬೆಂಗಳೂರಿನಲ್ಲಿ ಮನೆಮಾಲೀಕರಿಗೂ ಬಾಡಿಗೆದಾರರಿಗೂ ನಿದ್ದೆಗೆಡಿಸುವ ವಿಷಯ ಹನ್ನೊಂದು ತಿಂಗಳ ಅಗ್ರಿಮೆಂಟು. ಮೊದಲ ಕರಡು ಹೀಗಿತ್ತು: ‘ಬಾಡಿಗೆ ಕೊಡದವರನ್ನು ಖಾಲಿ ಮಾಡಿಸುತ್ತೇವೆ’. ಪಕ್ಕದಲ್ಲಿದ್ದ ಗೆಳೆಯ ಓದಿ, “ಇದೇನು, ರೌಡಿಗಳ ಬೋರ್ಡಾ?” ಎಂದ. ನಿಜವೇ. ಹುಳದ ಹೆಸರಿಲ್ಲದಿದ್ದರೆ ಬೆದರಿಕೆಯಾಗಿ ಕೇಳಿಸುತ್ತದೆ. ಕಷ್ಟದಲ್ಲಿ ಎರಡು ತಿಂಗಳು ಬಾಡಿಗೆ ಉಳಿಸಿಕೊಂಡವರಿಗೆ ಚುಚ್ಚಿದಂತೆಯೂ ಆಗುತ್ತದೆ. ಜಿರಳೆಯನ್ನು ಮುಂದೆ ತಂದು, ಬಾಡಿಗೆಯ ಮಾತು ಕಿತ್ತು ಅಗ್ರಿಮೆಂಟನ್ನು ಇಟ್ಟೆ:

‘ಜಿರಳೆಗೆ ಅಗ್ರಿಮೆಂಟ್ ಇಲ್ಲ. ಖಾಲಿ ಮಾಡಿಸ್ತೀವಿ.’

ಆಟೋ ಹಿಂದೆ ಸಿಗ್ನಲ್‌ನಲ್ಲಿ ಓದಿ ಮುಗಿಸುವಷ್ಟು ಚಿಕ್ಕದು. ಹುಳ ಯಾವುದು, ಇವರು ಮಾಡುವುದೇನು ಎರಡೂ ತಿಳಿಯುತ್ತವೆ. ನಗೆಪಾಟಲಾಗುವುದು ಜಿರಳೆಯೊಂದೇ, ಮಾಲೀಕ, ಬಾಡಿಗೆದಾರ ಇಬ್ಬರೂ ಒಂದೇ ಕಡೆ ನಿಂತು ನಗಬಹುದು. ‘ಇನ್ನೆಂದೂ ಬರುವುದಿಲ್ಲ’ ಎಂಬ ಭಾಷೆಯನ್ನೂ ಕೊಟ್ಟಿಲ್ಲ. ಕೊಡುವಂತೆಯೂ ಇಲ್ಲ, ಅಪಾರ್ಟ್‌ಮೆಂಟಿನಲ್ಲಿ ಒಂದೇ ಮನೆಗೆ ಮಾಡಿಸಿದರೆ ಪಕ್ಕದ ಮನೆಯಿಂದ ಮತ್ತೆ ಬರುವ ಸಾಧ್ಯತೆ ಇದ್ದೇ ಇದೆ. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ನಗೆಯಿಲ್ಲದ ಸಾಲು ಬೇಕೇ ಬೇಕು: ‘ಅಡುಗೆಮನೆಗೆ ಜೆಲ್ ಚಿಕಿತ್ಸೆ. 15 ದಿನಕ್ಕೆ ಎರಡನೇ ಭೇಟಿ.’ ಔಷಧ, ಮಕ್ಕಳು, ಸಾಕುನಾಯಿಯ ಸುರಕ್ಷತೆಯ ಮಾತು ಬಂದಲ್ಲಿ ತಮಾಷೆ ನಿಲ್ಲಬೇಕು.

ಬರೆದ ಮೇಲೆ ಒಂದು ಪರೀಕ್ಷೆ ಮಾಡಿ. ಸಾಲನ್ನು ಫೋನಿನಲ್ಲಿ ಮನೆಯ ಹಿರಿಯರೊಬ್ಬರಿಗೆ ಓದಿ, “ಇವರೇನು ಕೆಲಸ ಮಾಡ್ತಾರೆ ಹೇಳಿ” ಎಂದು ಕೇಳಿ. ನಕ್ಕು ಸುಮ್ಮನಾದರೆ ಸಾಲು ಸೋತಿತು. ಆಮೇಲೆ ಕೆಲಸಕ್ಕೆ ಹೋಗುವ ಹುಡುಗನಿಗೆ ತೋರಿಸಿ. ಅದನ್ನು ಅಂಗಿಯ ಬೆನ್ನ ಮೇಲೆ ಹೊತ್ತು ಮನೆಮನೆ ತಿರುಗುವವನು ಅವನು. ‘ಯಮಧೂತ’ ಎಂದು ಬರೆದ ಅಂಗಿ ತೊಟ್ಟು ಬಾಗಿಲು ತಟ್ಟಲು ಯಾರಿಗೆ ಇಷ್ಟ?

ತಿಗಣೆಯ ವಿಷಯದಲ್ಲಿ ಮಾತ್ರ ನನ್ನ ಸಲಹೆ ಬೇರೆ. ಹೋಟೆಲು, ರೈಲು, ಹಳೇ ಸೋಫಾ ಎಲ್ಲಿಂದಲಾದರೂ ಪೆಟ್ಟಿಗೆ ಹತ್ತಿ ಬರುವ ಹುಳ ಅದು, ಆದರೂ ಮನೆಯವರಿಗೆ ಹೇಳಿಕೊಳ್ಳಲು ನಾಚಿಕೆ. ಆ ಕೆಲಸಕ್ಕೆ ಬರುವ ಗಾಡಿಯ ಮೇಲೆ ಟ್ಯಾಗ್‌ಲೈನ್ ಬೇಡ, ಹುಳದ ಚಿತ್ರವೂ ಬೇಡ. ಬಿಳಿ ವ್ಯಾನ್ ಬಂದು ಹೋಗಲಿ. ಪಕ್ಕದ ಮನೆಯವರು ಕೇಳಿದರೆ ಎಸಿ ರಿಪೇರಿಯವರು ಎಂದುಕೊಳ್ಳಲಿ.